ಅಗ್ರಿಮೆಂಟ್ ಆಗುವ ಮೊದಲೇ ವ್ಯಾಪಾರ ಮುರಿದಿದೆ, ಆದರೂ ಬ್ರೋಕರ್ ಕಮಿಷನ್ ಕೇಳುತ್ತಿದ್ದಾರೆ: ಉತ್ತರ ಕೊಡುವುದು ಹೇಗೆ?

ಸೈಟು ನೋಡಿದ್ದಾಯಿತು, ರೇಟು ಮಾತಾಡಿದ್ದಾಯಿತು, ಟೋಕನ್ ಕೊಟ್ಟದ್ದೂ ಆಯಿತು. ಅಷ್ಟರಲ್ಲಿ ದಾಖಲೆಯಲ್ಲಿ ತೊಡಕು ಕಂಡು ವ್ಯಾಪಾರ ನಿಂತುಹೋಯಿತು. ಹತ್ತು ದಿನ ಬಿಟ್ಟು ಬ್ರೋಕರ್ ಮೆಸೇಜು ಕಳಿಸುತ್ತಾರೆ: "ಸರ್, ನಮ್ಮ ಕೆಲಸ ನಾವು ಮಾಡಿದ್ದೀವಿ, ಕಮಿಷನ್ ಕ್ಲಿಯರ್ ಮಾಡಿ." ಇದಕ್ಕೆ ಹೆಚ್ಚಿನವರು ಕೊಡುವ ಉತ್ತರ ಎರಡೇ ಬಗೆ. ಕೆಲವರು ಸಿಟ್ಟಿನಲ್ಲಿ ನಂಬರು ಬ್ಲಾಕ್ ಮಾಡುತ್ತಾರೆ. ಇನ್ನು ಕೆಲವರು ಮುಲಾಜಿಗೆ ಬಿದ್ದು "ನೋಡೋಣ, ಮುಂದಿನ ತಿಂಗಳು ಏನಾದರೂ ಮಾಡೋಣ" ಎಂದು ಬರೆದುಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ. ಕೊಡಬೇಕಾಗಿಲ್ಲದ ಹಣವನ್ನು ಕೊಡಬೇಕಾದ ಬಾಕಿ ಎಂದು ನೀವೇ ಬರೆದುಕೊಟ್ಟಂತೆ ಅದನ್ನು ಓದಬಹುದು.

ಈ ಮಾರ್ಗದರ್ಶಿ ಕರ್ನಾಟಕದಲ್ಲಿ ಸೈಟು ಅಥವಾ ಮನೆ ಕೊಳ್ಳಲು ಹೊರಟವರಿಗೆ. ಮಾರುವವರಿಗೂ ಬಹುಪಾಲು ಇದೇ ಕ್ರಮ ಅನ್ವಯಿಸುತ್ತದೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ 30×40ರ ಒಂದು ಸೈಟು, ಅಂದರೆ 1,200 ಚದರಡಿ. ಚದರಡಿಗೆ 5,200 ರೂಪಾಯಿಯಂತೆ 62,40,000ಕ್ಕೆ ಮಾತಾಗಿದೆ. ಮಾರ್ಚ್ 2ರಂದು ಬ್ರೋಕರ್ ಸೈಟು ತೋರಿಸಿದರು, 9ಕ್ಕೆ ರೇಟು ಕುದುರಿತು, 11ಕ್ಕೆ ಕೊಳ್ಳುವವರು ಮಾಲೀಕರ ಖಾತೆಗೆ 50,000 ಟೋಕನ್ ಹಾಕಿದರು. 20ರಂದು ವಕೀಲರು ದಾಖಲೆ ನೋಡಿ ತೊಡಕು ಹೇಳಿದರು. ಸೈಟು ಮೂಲದಲ್ಲಿ ತಂದೆಯ ಹೆಸರಿನದು, ವಿಲ್ ಇಲ್ಲ, ಅವರು ತೀರಿಕೊಂಡ ಮೇಲೆ ಖಾತೆ ಮಗನ ಹೆಸರಿಗೆ ಬಂದಿದೆ. ಆದರೆ ಮದುವೆಯಾದ ಮಗಳು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿಲ್ಲ, ಸಹಿ ಹಾಕಲೂ ಒಪ್ಪುತ್ತಿಲ್ಲ. ಖಾತೆ ತೆರಿಗೆ ಕಟ್ಟುವುದಕ್ಕಿರುವ ದಾಖಲೆ, ಒಡೆತನದ ಪತ್ರವಲ್ಲ. ಹಾಗಾಗಿ ವ್ಯಾಪಾರ ನಿಂತಿತು, 24ಕ್ಕೆ ಟೋಕನ್ ವಾಪಸಾಯಿತು. ಏಪ್ರಿಲ್ 3ರಂದು ಬ್ರೋಕರ್ ಶೇಕಡಾ 1ರ ಲೆಕ್ಕದಲ್ಲಿ 62,400 ಕೇಳಿದ್ದಾರೆ.

## 1. ಮೊದಲ ದಿನ: ಒಂದೇ ಸಾಲಿನ ಮೆಸೇಜು

ಬೇಡಿಕೆ ಬಂದ ದಿನವೇ ಪೂರ್ತಿ ಉತ್ತರ ಬರೆಯಬೇಡಿ. ಸುಮ್ಮನೆಯೂ ಇರಬೇಡಿ. ಇಷ್ಟು ಕಳಿಸಿ:

"ನಿಮ್ಮ ಮೆಸೇಜು ನೋಡಿದ್ದೇನೆ. ಈ ಬೇಡಿಕೆಯನ್ನು ನಾನು ಒಪ್ಪಿಲ್ಲ. ದಾಖಲೆಗಳನ್ನು ನೋಡಿ ಒಂದು ವಾರದೊಳಗೆ ಬರಹದಲ್ಲೇ ಉತ್ತರಿಸುತ್ತೇನೆ."

"ಒಪ್ಪಿಲ್ಲ" ಎಂಬ ಪದ ಮೊದಲ ದಿನವೇ ದಾಖಲಾಗಬೇಕು. ನೀವು ವಾರಗಟ್ಟಲೆ ಮಾತಾಡದೆ ಇದ್ದರೆ, ಆಗ ಒಪ್ಪಿಕೊಂಡವರು ಈಗ ತಿರುಗಿ ಬಿದ್ದಿದ್ದಾರೆ ಎಂದು ಹೇಳುವುದು ಎದುರಿನವರಿಗೆ ಸುಲಭ.

ಈ ವಾರದಲ್ಲಿ ಫೋನು ಬಂದರೆ ಎತ್ತಿ, ಆದರೆ ಮೊತ್ತದ ಚರ್ಚೆಗೆ ಇಳಿಯಬೇಡಿ. "ಹೋಗಲಿ, 62 ಬೇಡ, 30 ಕೊಡಿ" ಎಂದಾಗ "20 ಆದರೆ ನೋಡಬಹುದು" ಎಂದರೆ ಚರ್ಚೆ ಕೊಡಬೇಕೋ ಬೇಡವೋ ಎಂಬಲ್ಲಿಂದ ಎಷ್ಟು ಕೊಡಬೇಕು ಎಂಬಲ್ಲಿಗೆ ಜಾರಿತು. ಕರೆ ಮುಗಿದ ಕೂಡಲೇ ಮಾತಾಡಿದ್ದರ ಸಾರವನ್ನು ಎರಡು ಸಾಲಿನಲ್ಲಿ ಅವರಿಗೇ ಮೆಸೇಜು ಮಾಡಿ.

## 2. ಕಾಗದ ಪತ್ರ ಕೂಡಿಸಿಕೊಳ್ಳಿ

ಉತ್ತರದ ಬಲವೆಲ್ಲ ಇಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಮೆಸೇಜು ತಾನಾಗಿ ಅಳಿಯುವ ವ್ಯವಸ್ಥೆ ಆನ್ ಆಗಿದೆಯೇ ಎಂದು ಮೊದಲು ನೋಡಿ, ಆಗಿದ್ದರೆ ಆಫ್ ಮಾಡಿ. ಆಮೇಲೆ ಬ್ರೋಕರ್ ಜೊತೆಗಿನ ಮತ್ತು ಮಾಲೀಕರ ಜೊತೆಗಿನ ಎರಡೂ ಚಾಟ್‌ಗಳನ್ನು `Export chat` ಮೂಲಕ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ಸಾಲದು. ಅದರಲ್ಲಿ ಹಿಂದಿನ ಮುಂದಿನ ಮಾತು ಇರುವುದಿಲ್ಲ, ತಾರೀಖು ಎಷ್ಟೋ ಸಲ ಕತ್ತರಿಸಿಹೋಗಿರುತ್ತದೆ. ಮೂಲ ಚಾಟ್ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಕೋರ್ಟಿಗೆ ಹೋದರೆ ಎಲೆಕ್ಟ್ರಾನಿಕ್ ದಾಖಲೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಸಾಧನ ಕೈಯಲ್ಲಿದ್ದರೆ ಅದನ್ನು ಕೊಡುವುದು ಕಷ್ಟವಲ್ಲ.

ಇವುಗಳ ಜೊತೆ ಟೋಕನ್ ಹೋದ ಮತ್ತು ವಾಪಸು ಬಂದ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟ, ವಕೀಲರ ಅಭಿಪ್ರಾಯ ಪತ್ರ, ಬ್ರೋಕರ್ ಕೊಟ್ಟ ದಾಖಲೆಗಳ ಪಟ್ಟಿ ಇರಲಿ. ವಕೀಲರು ಬಾಯಲ್ಲಷ್ಟೇ ಹೇಳಿದ್ದರೆ ಈಗಲಾದರೂ ಒಂದು ಪುಟ ಬರೆಸಿಕೊಳ್ಳಿ. ಅದರ ಮೇಲೆ ಬರೆಸಿಕೊಂಡ ದಿನದ ತಾರೀಖೇ ಇರಲಿ. ಹಳೆಯ ತಾರೀಖು ಹಾಕಿಸುವುದು ಬೇಡವೇ ಬೇಡ.

ಇನ್ನೊಂದು ಕಾಗದವನ್ನು ಜನ ಮರೆತೇಬಿಟ್ಟಿರುತ್ತಾರೆ. ಸೈಟು ತೋರಿಸಲು ಕರೆದುಕೊಂಡು ಹೋಗುವ ಮುನ್ನ ಕೆಲವು ಏಜೆನ್ಸಿಗಳು ಒಂದು ವಿಸಿಟ್ ಫಾರ್ಮ್‌ಗೆ ಸಹಿ ಹಾಕಿಸಿಕೊಳ್ಳುತ್ತವೆ, ಇಲ್ಲವೇ ಫೋನಿಗೆ ಬಂದ ಲಿಂಕ್ ಒತ್ತಿಸುತ್ತವೆ. ಕಮಿಷನ್ ಯಾವಾಗ, ಎಷ್ಟು ಎಂಬುದು ಅದರ ಕೆಳಭಾಗದಲ್ಲಿ ಸಣ್ಣಕ್ಷರದಲ್ಲಿ ಇರಬಹುದು. ನೀವು ಅಂಥದ್ದಕ್ಕೆ ಸಹಿ ಹಾಕಿದ ನೆನಪಿದ್ದರೆ ಅದರ ಪ್ರತಿ ಸಿಗುವವರೆಗೆ "ನಮ್ಮ ನಡುವೆ ಯಾವ ಬರಹವೂ ಇಲ್ಲ" ಎಂಬ ಮಾತನ್ನು ಉತ್ತರದಲ್ಲಿ ಬರೆಯಬೇಡಿ. ಪ್ರತಿ ಕಳಿಸಿ ಎಂದು ಬ್ರೋಕರನ್ನೇ ಕೇಳಬಹುದು.

## 3. ಕಮಿಷನ್ ಯಾವ ಘಳಿಗೆಗೆ ಹುಟ್ಟುತ್ತದೆ ಎಂದು ಪತ್ತೆ ಮಾಡಿ

ಎಲ್ಲ ತಕರಾರೂ ಇಲ್ಲಿಗೇ ಬಂದು ನಿಲ್ಲುತ್ತದೆ. ಬ್ರೋಕರ್ ಎಷ್ಟು ಸಲ ಓಡಾಡಿದರು, ಎಷ್ಟು ಪೆಟ್ರೋಲ್ ಸುಟ್ಟರು ಎಂಬುದಲ್ಲ ಪ್ರಶ್ನೆ. ಯಾವ ಕೆಲಸ ಮುಗಿದರೆ ಹಣ ಎಂದು ಮಾತಾಗಿತ್ತು? ಪಾರ್ಟಿ ತೋರಿಸಿದರೆ ಸಾಕೇ? ಅಗ್ರಿಮೆಂಟ್ ಆಗಬೇಕೇ? ರಿಜಿಸ್ಟ್ರೇಷನ್ ಆಗಬೇಕೇ?

ಬೇರೆ ಒಪ್ಪಂದ ಇಲ್ಲದಿದ್ದಾಗ ಏನು ಎಂಬುದನ್ನು 1872ರ ಭಾರತೀಯ ಕರಾರು ಕಾಯ್ದೆಯ 219ನೇ ಕಲಮು ಹೇಳುತ್ತದೆ. ವಿಶೇಷ ಒಪ್ಪಂದ ಇಲ್ಲದೆ ಹೋದರೆ, ವಹಿಸಿದ ಕೆಲಸ ಪೂರ್ಣಗೊಳ್ಳುವವರೆಗೆ ಏಜೆಂಟನಿಗೆ ಸಂಭಾವನೆ ಬಾಕಿಯಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ನಿಮ್ಮ ಉತ್ತರದ ಬೆನ್ನೆಲುಬು ಈ ಒಂದು ಕಲಮು. ಆದರೆ "ವಿಶೇಷ ಒಪ್ಪಂದ ಇಲ್ಲದಿದ್ದರೆ" ಎಂಬ ಷರತ್ತನ್ನು ಮರೆಯಬೇಡಿ. ಅದಕ್ಕೇ ಕಾಗದ ಪತ್ರ ಮೊದಲು, ಕಾನೂನು ಆಮೇಲೆ.

ಎರಡು ಹಳೆಯ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ಈ ಷರತ್ತಿನ ತೂಕ ತಿಳಿಯುತ್ತದೆ. 1941ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದ ಲಕ್ಸರ್ ವಿರುದ್ಧ ಕೂಪರ್ ಪ್ರಕರಣದಲ್ಲಿ ಕಮಿಷನ್ ಮಾರಾಟ ಪೂರ್ಣವಾದ ಮೇಲೆ ಎಂದಿತ್ತು. ಏಜೆಂಟ್ ಸಿದ್ಧವಿದ್ದ ಖರೀದಿದಾರರನ್ನು ತಂದರೂ ಮಾಲೀಕರು ಮಾರಲಿಲ್ಲ, ಏಜೆಂಟನಿಗೆ ಕಮಿಷನ್ ಸಿಗಲಿಲ್ಲ. 1950ರಲ್ಲಿ ನಮ್ಮ ಸುಪ್ರೀಂ ಕೋರ್ಟು ತೀರ್ಮಾನಿಸಿದ ಅಬ್ದುಲ್ಲಾ ಅಹ್ಮದ್ ವಿರುದ್ಧ ಅನಿಮೇಂದ್ರ ಕಿಸ್ಸೆನ್ ಮಿತ್ತರ್ ಪ್ರಕರಣದಲ್ಲಿ ಬ್ರೋಕರ್ ಗೆದ್ದರು. ಅಲ್ಲಿ ಮಾಲೀಕರು ಬ್ರೋಕರ್‌ಗೆ ಲಿಖಿತ ಪತ್ರ ಕೊಟ್ಟಿದ್ದರು, ಅದರ ಪದಗಳ ಪ್ರಕಾರ ಬ್ರೋಕರ್ ತಮ್ಮ ಪಾಲಿನ ಕೆಲಸ ಮುಗಿಸಿದ್ದರು. ನಿಮ್ಮ ಪ್ರಕರಣ ಯಾವ ಕಡೆ ವಾಲುತ್ತದೆ ಎಂಬುದನ್ನು ಹೇಳುವುದು ನಿಮ್ಮ ಪತ್ರ, ನಿಮ್ಮ ಮೆಸೇಜು.

ಹೀಗಾಗಿ ಚಾಟ್ ತೆರೆದು "ಕಮಿಷನ್", "ಪರ್ಸೆಂಟ್", "ರಿಜಿಸ್ಟ್ರೇಷನ್", "ಅಗ್ರಿಮೆಂಟ್" ಎಂಬ ಪದಗಳನ್ನು ಹುಡುಕಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ, ವಾಯ್ಸ್ ಮೆಸೇಜುಗಳನ್ನೂ ಕೇಳಿ. ನಮ್ಮ ಉದಾಹರಣೆಯಲ್ಲಿ ಮಾರ್ಚ್ 3ರಂದು ಬ್ರೋಕರ್ ಬರೆದದ್ದು ಇದು: "ಒನ್ ಪರ್ಸೆಂಟ್ ಸರ್. ಅಗ್ರಿಮೆಂಟ್ ದಿನ ಅರ್ಧ, ರಿಜಿಸ್ಟ್ರೇಷನ್ ದಿನ ಅರ್ಧ." ಇಷ್ಟು ಸಿಕ್ಕರೆ ಬಹುಪಾಲು ಕೆಲಸ ಮುಗಿಯಿತು. ಹಣ ಕೊಡುವ ದಿನಗಳನ್ನು ಅವರೇ ಗೊತ್ತುಮಾಡಿದ್ದಾರೆ, ಆ ಎರಡರಲ್ಲಿ ಒಂದು ದಿನವೂ ಬರಲಿಲ್ಲ.

ಅಂಥ ಮಾತು ಎಲ್ಲೂ ಸಿಗದಿದ್ದರೆ? ಶೇಕಡಾ 1 ಅಥವಾ 2 ಎಂಬುದು ರೂಢಿ. ಸೈಟು, ಮನೆಯ ಮರುಮಾರಾಟಕ್ಕೆ ಇಷ್ಟೇ ಕಮಿಷನ್ ಎಂದು ಕಾನೂನು ಗೊತ್ತುಮಾಡಿಲ್ಲ. ಆಗ 219ನೇ ಕಲಮಿಗೇ ಮರಳಬೇಕು. ಕೊಳ್ಳುವವರು ಬ್ರೋಕರ್‌ಗೆ ವಹಿಸಿದ ಕೆಲಸ ಸೈಟು ಕೊಡಿಸುವುದು, ಬರೀ ತೋರಿಸುವುದಲ್ಲ ಎಂದು ನಿಮ್ಮ ಉತ್ತರ ಹೇಳಬೇಕು.

### "ಸಹಿ ಆಗಿಲ್ಲ" ಎಂಬ ಒಂದೇ ವಾದಕ್ಕೆ ಜೋತುಬೀಳಬೇಡಿ

ಅಗ್ರಿಮೆಂಟಿಗೆ ಸಹಿ ಬಿದ್ದಿಲ್ಲ, ಆದ್ದರಿಂದ ಏನೂ ಆಗಿಲ್ಲ ಎಂದು ಬರೆಯುವವರು ಬಹಳ. ಟೋಕನ್ ಕೊಟ್ಟ ಮೇಲೆ ಈ ವಾದ ಅಷ್ಟು ಗಟ್ಟಿಯಲ್ಲ. ನಮ್ಮ ಕಾನೂನಿನಲ್ಲಿ ಸ್ಥಿರಾಸ್ತಿ ಮಾರುವ ಕರಾರು ಬಾಯಿಮಾತಿನದ್ದಾಗಿರಲೂ ಸಾಧ್ಯ. ರೇಟು ಕುದುರಿ ಟೋಕನ್ ಕೈ ಬದಲಾದ ದಿನವೇ ವ್ಯಾಪಾರ ಕುದುರಿತು ಎಂದು ಬ್ರೋಕರ್ ಪರ ವಕೀಲರು ವಾದಿಸುತ್ತಾರೆ.

ಇದಕ್ಕೆ ತಕ್ಕ ಉತ್ತರ ಟೋಕನ್ ಯಾವ ಷರತ್ತಿನ ಮೇಲೆ ಹೋಯಿತು ಎಂಬುದರಲ್ಲಿದೆ. ಮಾರ್ಚ್ 11ರಂದು ಹಣ ಹಾಕುವ ಮುನ್ನ ಕೊಳ್ಳುವವರು ಬರೆದಿದ್ದರು: "ವಕೀಲರು ದಾಖಲೆ ನೋಡಿ ಸರಿ ಅಂದರೆ ಅಗ್ರಿಮೆಂಟ್, ಇಲ್ಲದಿದ್ದರೆ ಟೋಕನ್ ವಾಪಸ್." ಬ್ರೋಕರ್ "ಓಕೆ ಸರ್" ಎಂದಿದ್ದರು. ಈ ಎರಡು ಸಾಲು ಟೋಕನ್ನನ್ನು ಮುಂಗಡವಲ್ಲ, ಬರೀ ಸೈಟು ಹಿಡಿದಿಡುವ ಹಣ ಎಂದು ತೋರಿಸುತ್ತವೆ. ಮಾಲೀಕರು ಒಂದು ರೂಪಾಯಿಯನ್ನೂ ಮುರಿದುಕೊಳ್ಳದೆ ಪೂರ್ತಿ ವಾಪಸು ಮಾಡಿದ್ದು ಅದನ್ನೇ ಇನ್ನಷ್ಟು ಗಟ್ಟಿಮಾಡುತ್ತದೆ. ಹಾಗಾಗಿ ಉತ್ತರದಲ್ಲಿ ಮೊದಲು ಷರತ್ತು ಬರಲಿ, ಆಮೇಲೆ ದಾಖಲೆಯ ತೊಡಕು, ಕೊನೆಗೆ ಅಗ್ರಿಮೆಂಟ್ ಆಗಲಿಲ್ಲ ಎಂಬ ಸಂಗತಿ.

## 4. ನಿಜವಾಗಿಯೂ ಕೊಡಬೇಕಾದ ಸಂದರ್ಭಗಳು

ಉತ್ತರ ಬರೆಯುವ ಮೊದಲು ನಿಮಗೆ ನೀವೇ ಈ ಪರೀಕ್ಷೆ ಮಾಡಿಕೊಳ್ಳಬೇಕು. ಕೆಳಗಿನ ಯಾವುದಾದರೂ ನಿಮ್ಮ ವಿಷಯದಲ್ಲಿ ನಿಜವಾಗಿದ್ದರೆ, ಮುಂದಿನ ಪತ್ರದ ಮಾದರಿಯನ್ನು ಹಾಗೆಯೇ ಬಳಸಬೇಡಿ. ವಕೀಲರನ್ನು ಕಾಣಿ.

ಪಾರ್ಟಿ ತೋರಿಸಿದರೆ ಅಥವಾ ರೇಟು ಕುದುರಿದರೆ ಕಮಿಷನ್ ಎಂದು ನೀವು ಸಹಿ ಹಾಕಿದ ಬರಹ ಇದ್ದರೆ ಅದು ವಿಶೇಷ ಒಪ್ಪಂದ. 219ನೇ ಕಲಮು ನಿಮ್ಮನ್ನು ಕಾಯುವುದಿಲ್ಲ. ಸೈಟಿನ ನೋಂದಾಯಿತ ವಹಿವಾಟುಗಳನ್ನು ತೋರಿಸುವ ಇ.ಸಿ. ತೆಗೆಸಲು, ದಾಖಲೆಗಳ ನಕಲು ತರಿಸಲು ತಗಲುವ ಹಣ ನಾನು ಕೊಡುತ್ತೇನೆ ಎಂದಿದ್ದರೆ ಆ ಖರ್ಚು ಕಮಿಷನ್ನಿನಿಂದ ಬೇರೆಯೇ. ರಸೀದಿ ಕೇಳಿ, ಅಷ್ಟನ್ನು ಕೊಟ್ಟುಬಿಡಿ.

ಇನ್ನು ಬ್ರೋಕರನ್ನು ಬಿಟ್ಟು ಮಾಲೀಕರ ಜೊತೆ ನೇರ ಮಾತು ನಡೆಯುತ್ತಿದ್ದರೆ, "ವ್ಯಾಪಾರ ಮುರಿದಿದೆ" ಎಂದು ಬರೆಯುವುದು ಸುಳ್ಳು. ಅಂಥ ಸುಳ್ಳು ಉಳಿಯುವುದೂ ಇಲ್ಲ. ಕ್ರಯಪತ್ರ ನೋಂದಣಿಯಾದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಸೈಟಿನ ಇ.ಸಿ. ತೆಗೆಸಿದವರಿಗೆ ಅದು ಕಾಣುತ್ತದೆ. ತಾವು ತೋರಿಸಿದ ಸೈಟಿನ ಇ.ಸಿ.ಯನ್ನು ಅನುಭವಿ ಬ್ರೋಕರ್ ಕೆಲವು ತಿಂಗಳು ಬಿಟ್ಟು ತೆಗೆಸಿಯೇ ತೆಗೆಸುತ್ತಾರೆ.

ತೊಡಕು ದಾಖಲೆಯದ್ದಲ್ಲ, ನಿಮ್ಮದೇ ಆಗಿದ್ದರೆ, ಅಂದರೆ ಲೋನ್ ಆಗಲಿಲ್ಲ ಅಥವಾ ಮನಸ್ಸು ಬದಲಾಯಿತು ಎಂದಾದರೆ, ಆಗಲೂ ವಿಶೇಷ ಒಪ್ಪಂದ ಇಲ್ಲದಿದ್ದರೆ ಕೆಲಸ ಪೂರ್ಣವಾಗಿಲ್ಲ ಎಂಬ ಮಾತು ನಿಲ್ಲುತ್ತದೆ. ಆದರೆ ದಾಖಲೆ ಸರಿ ಇಲ್ಲ ಎಂಬ ಕಾರಣ ಕಟ್ಟಬೇಡಿ. ಇದ್ದ ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಒಂದು ಸುಳ್ಳು ಹೊರಬಿದ್ದರೆ ಪತ್ರದ ಉಳಿದ ಸತ್ಯಕ್ಕೂ ಬೆಲೆ ಉಳಿಯುವುದಿಲ್ಲ.

## 5. ಮಾಲೀಕರಿಂದ ಎರಡು ಸಾಲು ತರಿಸಿಕೊಳ್ಳಿ

ಈ ಹೆಜ್ಜೆಯನ್ನು ಹೆಚ್ಚಿನವರು ಉತ್ತರ ಕಳಿಸಿದ ಮೇಲೆ ಮಾಡಲು ಹೋಗುತ್ತಾರೆ. ಅಷ್ಟರಲ್ಲಿ ಬ್ರೋಕರ್ ಮಾಲೀಕರ ಜೊತೆ ಮಾತಾಡಿರುತ್ತಾರೆ, ಮಾಲೀಕರಿಗೆ ಮುಂದಿನ ಪಾರ್ಟಿ ತರಲು ಅದೇ ಬ್ರೋಕರ್ ಬೇಕಾಗಿರುತ್ತಾರೆ. ಹಾಗಾಗಿ ಮೊದಲೇ ಕೇಳಿ. ಆರೋಪದ ಧಾಟಿ ಬೇಡ:

"ಅಣ್ಣಾ, ಮಾರ್ಚ್ 24ಕ್ಕೆ ಟೋಕನ್ 50,000 ಪೂರ್ತಿ ಬಂತು. ತಂಗಿಯವರ ಸಹಿಯ ವಿಷಯ ಇತ್ಯರ್ಥ ಆಗದ ಕಾರಣ ನಮ್ಮ ಮಾತು ಅಲ್ಲಿಗೆ ಮುಗಿದಿದೆ, ಎರಡೂ ಕಡೆ ಏನೂ ಬಾಕಿ ಇಲ್ಲ. ಸರಿ ತಾನೇ?"

ಅವರು "ಹೌದು" ಎಂದರೆ ಸಾಕು. ಟೋಕನ್ ವಾಪಸು ಬಂದಿಲ್ಲವಾದರೆ ಈ ಹೆಜ್ಜೆಯಲ್ಲೇ ನಿಲ್ಲಿ, ಅದನ್ನು ಮೊದಲು ಬಗೆಹರಿಸಿ. ಟೋಕನ್ ಬ್ರೋಕರ್ ಖಾತೆಗೆ ಹೋಗಿದ್ದರೆ ವಿಷಯ ಸ್ವಲ್ಪ ಸಿಕ್ಕಾಗುತ್ತದೆ. ಕರಾರು ಕಾಯ್ದೆಯ 217ನೇ ಕಲಮು ಯಜಮಾನರ ಪರವಾಗಿ ಬಂದ ಹಣದಲ್ಲಿ ತನಗೆ ಬರಬೇಕಾದ ಸಂಭಾವನೆ, ಖರ್ಚನ್ನು ಏಜೆಂಟ್ ಹಿಡಿದುಕೊಳ್ಳಬಹುದು ಎನ್ನುತ್ತದೆ. 221ನೇ ಕಲಮು ಕಾಗದಪತ್ರಗಳ ವಿಷಯದಲ್ಲೂ ಹೀಗೇ ಹೇಳುತ್ತದೆ. ಎರಡರಲ್ಲೂ ಹಿಡಿದುಕೊಳ್ಳುವ ಹಕ್ಕು ನಿಜವಾಗಿ ಬಾಕಿಯಾದ ಮೊತ್ತಕ್ಕೆ ಮಾತ್ರ. ಕಮಿಷನ್ನೇ ಹುಟ್ಟಿಲ್ಲವೆಂದರೆ ಅದರ ಹೆಸರಿನಲ್ಲಿ ಹಣವನ್ನಾಗಲಿ ಕಾಗದವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅದನ್ನು ಹಿಂದಿರುಗಿಸುವ ಬೇಡಿಕೆ ನಿಮ್ಮ ಪತ್ರದಲ್ಲಿ ಪ್ರತ್ಯೇಕ ಪ್ಯಾರಾ ಆಗಿ ಬರಬೇಕು.

## 6. ಉತ್ತರ ಬರೆಯಿರಿ

ಒಂದು ಪುಟ ದಾಟಬಾರದು. ತಾರೀಖುಗಳು ಕ್ರಮವಾಗಿ ಬರಲಿ, ವಿಶೇಷಣಗಳು ಬೇಡ. "ಮೋಸ", "ದಂಧೆ", "ನಿಮ್ಮಂಥವರು" ಎಂಬ ಪದಗಳು ಪತ್ರದಲ್ಲಿದ್ದರೆ ಓದುವವರ ಗಮನ ತಾರೀಖಿನಿಂದ ನಿಮ್ಮ ಸಿಟ್ಟಿನ ಕಡೆಗೆ ಹೋಗುತ್ತದೆ. ಉದಾಹರಣೆಯ ಪತ್ರ ಹೀಗಿರಬಹುದು:

> ಮಾನ್ಯರೇ,
>
> ವಿಷಯ: ಮೈಸೂರಿನ 30×40 ಸೈಟಿನ ಸಂಬಂಧ ತಾವು ಏಪ್ರಿಲ್ 3ರಂದು ಕಳಿಸಿದ 62,400 ರೂಪಾಯಿ ಕಮಿಷನ್ ಬೇಡಿಕೆಗೆ ಉತ್ತರ.
>
> ತಾವು ಮಾರ್ಚ್ 2ರಂದು ಈ ಸೈಟನ್ನು ನನಗೆ ತೋರಿಸಿದ್ದು, ಮಾರ್ಚ್ 9ರಂದು 62,40,000 ರೂಪಾಯಿಗೆ ಮಾತುಕತೆಯಾದದ್ದು ನಿಜ.
>
> ಮಾರ್ಚ್ 3ರ ತಮ್ಮ ಮೆಸೇಜಿನಂತೆ ಕಮಿಷನ್ನಿನ ಅರ್ಧ ಭಾಗ ಅಗ್ರಿಮೆಂಟ್ ದಿನ, ಉಳಿದರ್ಧ ರಿಜಿಸ್ಟ್ರೇಷನ್ ದಿನ ಕೊಡಬೇಕೆಂದಿತ್ತು. ದಾಖಲೆ ಸರಿಯಿದ್ದರೆ ಮಾತ್ರ ಅಗ್ರಿಮೆಂಟ್, ಇಲ್ಲದಿದ್ದರೆ ಟೋಕನ್ ವಾಪಸ್ ಎಂದು ನಾನು ಮಾರ್ಚ್ 11ರಂದು ಬರೆದಿದ್ದೆ, ತಾವು ಅದನ್ನು ಒಪ್ಪಿದ್ದಿರಿ.
>
> ಮಾರ್ಚ್ 20ರಂದು ದಾಖಲೆ ಪರಿಶೀಲಿಸಿದ ವಕೀಲರು, ಸೈಟಿನಲ್ಲಿ ಹಕ್ಕುಳ್ಳ ಒಬ್ಬ ವಾರಸುದಾರರ ಹಕ್ಕು ಬಿಡುಗಡೆ ಪತ್ರ ಇಲ್ಲದ ಕಾರಣ ಮುಂದುವರಿಯಬಾರದೆಂದು ತಿಳಿಸಿದರು. ಆ ಪತ್ರ ದೊರೆಯಲಿಲ್ಲ. ಮಾರ್ಚ್ 24ರಂದು ಮಾಲೀಕರು ಟೋಕನ್ 50,000 ರೂಪಾಯಿಯನ್ನು ಪೂರ್ತಿ ಹಿಂದಿರುಗಿಸಿದರು. ಅಗ್ರಿಮೆಂಟ್ ಆಗಲಿಲ್ಲ, ರಿಜಿಸ್ಟ್ರೇಷನ್ನೂ ಆಗಲಿಲ್ಲ.
>
> ಕಮಿಷನ್ ಕೊಡಬೇಕಾದ ಎರಡೂ ಸಂದರ್ಭಗಳು ಒದಗಿ ಬಂದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 219ನೇ ಕಲಮಿನಂತೆಯೂ ಕೆಲಸ ಪೂರ್ಣವಾಗದೆ ಸಂಭಾವನೆ ಬಾಕಿಯಾಗುವುದಿಲ್ಲ. ಆದ್ದರಿಂದ ತಮ್ಮ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಇದಕ್ಕೆ ಭಿನ್ನವಾದ, ನನ್ನ ಸಹಿಯುಳ್ಳ ಯಾವುದಾದರೂ ಬರಹ ತಮ್ಮ ಬಳಿ ಇದ್ದರೆ ಅದರ ಪ್ರತಿಯನ್ನು 15 ದಿನದೊಳಗೆ ಕಳಿಸಿಕೊಡಿ, ಪರಿಶೀಲಿಸುತ್ತೇನೆ.
>
> ಈ ಉತ್ತರವನ್ನು ನನ್ನ ಎಲ್ಲ ಹಕ್ಕುಗಳಿಗೆ ಬಾಧೆ ಬಾರದಂತೆ ಕೊಟ್ಟಿದ್ದೇನೆ.

ಮೊದಲ ಪ್ಯಾರಾದಲ್ಲಿ ಬ್ರೋಕರ್ ಮಾಡಿದ ಕೆಲಸವನ್ನು ಒಪ್ಪಿಕೊಂಡಿರುವುದು ಬೇಕೆಂದೇ. ಸೈಟು ತೋರಿಸಿದ್ದನ್ನೇ ಅಲ್ಲಗಳೆದರೆ ಅವರ ಬಳಿ ಫೋಟೋ, ಲೊಕೇಶನ್, ಕಾಲ್ ಲಿಸ್ಟ್ ಎಲ್ಲವೂ ಇವೆ. ನೀವು ಒಪ್ಪುವುದು ಅವರು ಮಾಡಿದ ಕೆಲಸವನ್ನು, ಹಣದ ಹೊಣೆಯನ್ನಲ್ಲ. ಈ ಎರಡರ ನಡುವಿನ ಗೆರೆ ಪತ್ರದಲ್ಲಿ ಸ್ಪಷ್ಟವಾಗಿ ಕಾಣಬೇಕು.

ಬರೆಯಲೇಬಾರದ ಸಾಲುಗಳೂ ಇವೆ. "ಸದ್ಯಕ್ಕೆ ಕೊಡಲು ಆಗುವುದಿಲ್ಲ", "ಬೇರೆ ಸೈಟು ಆದಾಗ ಸೇರಿಸಿ ಕೊಡುತ್ತೇನೆ", "ನಿಮ್ಮ ಕಷ್ಟ ಅರ್ಥವಾಗುತ್ತದೆ, ಸ್ವಲ್ಪ ಸಮಯ ಕೊಡಿ" ಎಂಬವೆಲ್ಲ ಬಾಕಿ ಇದೆ ಎಂದು ಒಪ್ಪಿಕೊಂಡ ಮಾತುಗಳು. ಇಂಥ ಕ್ಲೇಮಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ ಸಾಮಾನ್ಯವಾಗಿ ಮೂರು ವರ್ಷ ಅವಧಿ ಇದೆ. ಆ ಅವಧಿಯೊಳಗೆ ಸಹಿ ಮಾಡಿ ಬಾಕಿ ಒಪ್ಪಿಕೊಂಡರೆ 18ನೇ ಕಲಮಿನಂತೆ ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ.

ಬಿಲ್ಡರ್ ಪ್ರಾಜೆಕ್ಟುಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಹೆಸರು ಹೇಳಿ ಹೆದರಿಸುವುದು ಇನ್ನೊಂದು ತಪ್ಪು. 2016ರ ರೇರಾ ಕಾಯ್ದೆಯ 9ನೇ ಕಲಮಿನ ಪ್ರಕಾರ ಏಜೆಂಟ್ ನೋಂದಣಿ ಕಡ್ಡಾಯವಾಗುವುದು ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಸೈಟು, ಫ್ಲ್ಯಾಟುಗಳ ವ್ಯವಹಾರಕ್ಕೆ. ನಮ್ಮ ಉದಾಹರಣೆಯಂತೆ ಒಬ್ಬರು ತಮ್ಮ ಹಳೆಯ ಸೈಟು ಮಾರುವಾಗ ಅದು ಅನ್ವಯಿಸುವುದಿಲ್ಲ. ಬಿಲ್ಡರ್ ಪ್ರಾಜೆಕ್ಟಿನ ಫ್ಲ್ಯಾಟ್ ಆಗಿದ್ದರೆ ಮಾತ್ರ ಪತ್ರದಲ್ಲಿ ಅವರ ಏಜೆಂಟ್ ನೋಂದಣಿ ಸಂಖ್ಯೆಯನ್ನು ಕೇಳಿ.

## 7. ಕಳಿಸುವ ಕ್ರಮ

ಪತ್ರಕ್ಕೆ ಸಹಿ ಹಾಕಿ ಪಿಡಿಎಫ್ ಮಾಡಿ, ಬೇಡಿಕೆ ಬಂದ ಅದೇ ವಾಟ್ಸ್ಆ್ಯಪ್ ನಂಬರಿಗೆ ಕಳಿಸಿ. ಇಮೇಲ್ ಇದ್ದರೆ ಅಲ್ಲಿಗೂ ಕಳಿಸಿ. ವಿಳಾಸ ಗೊತ್ತಿದ್ದರೆ ಅಂಚೆಯಲ್ಲೂ ಹೋಗಲಿ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದೆ. ಕೌಂಟರಿನಲ್ಲಿ ವಿಳಾಸದಾರರ ಸಹಿ ಪಡೆದೇ ತಲುಪಿಸುವ ಸ್ಪೀಡ್ ಪೋಸ್ಟ್ ಬೇಕು ಎಂದು ಹೇಳಿ, ರಸೀದಿ ಮತ್ತು ತಲುಪಿದ ವಿವರದ ಪ್ರತಿ ಇಟ್ಟುಕೊಳ್ಳಿ.

ಪೂರ್ತಿ ಚಾಟ್, ವಕೀಲರ ಅಭಿಪ್ರಾಯ ಇವನ್ನೆಲ್ಲ ಲಗತ್ತಿಸಬೇಡಿ. ಮಾರ್ಚ್ 3 ಮತ್ತು 11ರ ಎರಡು ಮೆಸೇಜುಗಳು, ಟೋಕನ್ ವಾಪಸಾದ ಸಾಲು, ಇಷ್ಟು ಸಾಕು. ಮಾಲೀಕರ ಮನೆಯ ಕೌಟುಂಬಿಕ ವಿಷಯ ಬರೆದಿರುವ ಕಾಗದವನ್ನು ಸುಮ್ಮನೆ ಹಂಚುವುದು ಸರಿಯಲ್ಲ. ಬ್ರೋಕರ್ ಬಡಾವಣೆಯ ಗ್ರೂಪಿನಲ್ಲಿ ನಿಮ್ಮ ಹೆಸರು ಹಾಕಿ ಬರೆದರೆ ಅಲ್ಲಿ ಚರ್ಚೆಗೆ ಇಳಿಯದೆ ಸ್ಕ್ರೀನ್‌ಶಾಟ್ ತೆಗೆದಿಡಿ, "ಬರಹದಲ್ಲಿ ಉತ್ತರ ಕೊಟ್ಟಾಗಿದೆ" ಎಂಬಷ್ಟೇ ಹೇಳಿ.

## 8. ಉತ್ತರ ಹೋದ ಮೇಲೆ ಏನಾಗಬಹುದು

ಮತ್ತೆ ಅದೇ ಬೇಡಿಕೆ ಬಂದರೆ ಹೊಸ ವಾದ ಹೂಡಬೇಡಿ. "ಇಂಥ ತಾರೀಖಿನ ನನ್ನ ಪತ್ರವೇ ನನ್ನ ಉತ್ತರ" ಎಂದು ಒಂದು ಸಲ ಹೇಳಿ ನಿಲ್ಲಿಸಿ.

ರಾಜಿಗೆ ಬರುವ ಮನಸ್ಸಿದ್ದರೆ ಅದಕ್ಕೂ ಒಂದು ಕ್ರಮವಿದೆ. ಬ್ರೋಕರ್ ನಿಜವಾಗಿ ಓಡಾಡಿದ್ದಾರೆ, ಸಣ್ಣ ಮೊತ್ತ ಕೊಟ್ಟು ಸೌಹಾರ್ದ ಉಳಿಸಿಕೊಳ್ಳೋಣ ಎನಿಸುವುದು ತಪ್ಪಲ್ಲ. ಆದರೆ ಹಣ ಮೊದಲು ಹಾಕಬೇಡಿ. "ಓಡಾಟದ ಖರ್ಚಿಗೆಂದು 3,000 ರೂಪಾಯಿಯನ್ನು ನೀವು ಸ್ವಇಚ್ಛೆಯಿಂದ ಕೊಡುತ್ತಿದ್ದೀರಿ, ಇದು ಕಮಿಷನ್ ಅಲ್ಲ, ಈ ಸೈಟಿನ ವಿಷಯದಲ್ಲಿ ಇನ್ನು ಯಾವ ಬಾಕಿಯೂ ಇಲ್ಲ" ಎಂದು ಬ್ರೋಕರಿಂದ ಮೆಸೇಜು ಬರಲಿ, ಆಮೇಲೆ ಯುಪಿಐನಲ್ಲಿ ಕಳಿಸಿ. ನಗದು ಕೊಡಬೇಡಿ. ಈ ಮಾತಿಲ್ಲದೆ ಹೋದ ಹಣ ಕಮಿಷನ್ನಿನ ಮೊದಲ ಕಂತಾಗಿ ಲೆಕ್ಕಕ್ಕೆ ಬರುತ್ತದೆ.

ವಕೀಲರ ನೋಟಿಸ್ ಬಂದರೆ ಅದರಲ್ಲಿ ಹೇಳಿದ ಗಡುವಿನೊಳಗೆ ನಿಮ್ಮ ವಕೀಲರ ಮೂಲಕ ಉತ್ತರಿಸಿ. ನಿಮ್ಮ ಪತ್ರದ ಸಂಗತಿ ಮತ್ತು ವಕೀಲರ ಉತ್ತರದ ಸಂಗತಿ ಒಂದೇ ಆಗಿರಬೇಕು. ಕೋರ್ಟಿನ ಸಮನ್ಸ್ ಬೇರೆಯೇ. ಅದು ಕೈಸೇರಿದ ಮೇಲೆ ಲಿಖಿತ ಹೇಳಿಕೆ ಸಲ್ಲಿಸಲು 30 ದಿನ, ಕೋರ್ಟು ಒಪ್ಪಿದರೆ 90 ದಿನದವರೆಗೆ. ಹೋಗದೆ ಉಳಿದರೆ ನಿಮ್ಮ ಗೈರಿನಲ್ಲೇ ತೀರ್ಪು ಆಗಬಹುದು. ವಕೀಲರ ಖರ್ಚು ಭಾರವೆನಿಸಿದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಿ ಕೇಳಿ. ದಾವೆಗೆ ಮೊದಲೇ ಲೋಕ ಅದಾಲತ್ತಿನಲ್ಲಿ ಮಾತುಕತೆ ನಡೆಸುವ ದಾರಿಯೂ ಇದೆ.

ಮಾತುಕತೆಯ ಹೊತ್ತಿನಲ್ಲಿ ಬ್ರೋಕರ್ ಕೈಗೆ ಸಹಿ ಮಾಡಿದ ಚೆಕ್ ಕೊಟ್ಟಿದ್ದರೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಅದು ಬೌನ್ಸ್ ಆಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ನೋಟಿಸ್ ಬಂದರೆ ಹಣ ಕಟ್ಟಲು ಇರುವುದು 15 ದಿನ. ಚೆಕ್ ಬಾಕಿ ತೀರಿಸಲು ಕೊಟ್ಟದ್ದೇ ಎಂದು ಕಾನೂನು ಮೊದಲಿಗೆ ಊಹಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಹಾಗಾಗಿ ಆರನೇ ಹಂತದ ಪತ್ರದಲ್ಲೇ ಚೆಕ್ ಸಂಖ್ಯೆ ನಮೂದಿಸಿ, ಯಾವ ಕಾರಣಕ್ಕೆ ಕೊಟ್ಟದ್ದೆಂದು ಹೇಳಿ, ವಾಪಸು ಕೇಳಿ. ಪತ್ರ ಕಳಿಸುವ ಮುನ್ನ ವಕೀಲರಿಗೆ ತೋರಿಸಿ.

ಬಾಗಿಲ ಮುಂದೆ ಜನ ಕರೆತಂದು ಕೂರುವುದು, ದಾರಿ ತಡೆಯುವುದು, ಮನೆಯವರಿಗೆ ಫೋನು ಮಾಡಿ ಬೆದರಿಸುವುದು ವಸೂಲಿಯ ಮಾರ್ಗಗಳಲ್ಲ. ಆ ಹೊತ್ತಿಗೆ 112ಕ್ಕೆ ಕರೆ ಮಾಡಿ, ಆಮೇಲೆ ಠಾಣೆಯಲ್ಲಿ ಲಿಖಿತ ದೂರು ಕೊಡಿ. ಕ್ರಿಮಿನಲ್ ಬೆದರಿಕೆ 2023ರ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಲ್ಲಿ ಬರುತ್ತದೆ. ದೂರಿನಲ್ಲಿ ಬೆದರಿಕೆಯ ಸಂಗತಿಯಷ್ಟೇ ಇರಲಿ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಾತು ಆಡಿದರು ಎಂಬುದನ್ನು ಆಡಿದ ಮಾತಿನಲ್ಲೇ ಬರೆಯಿರಿ. ಕಮಿಷನ್ ಲೆಕ್ಕವನ್ನೆಲ್ಲ ಬರೆದರೆ "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಎಂಬ ಮಾತು ಬರುವ ಸಾಧ್ಯತೆ ಹೆಚ್ಚು.

## 9. ಅದೇ ಸೈಟು ಮತ್ತೆ ಮಾತಿಗೆ ಬಂದರೆ

ಆರು ತಿಂಗಳು ಬಿಟ್ಟು ಮಾಲೀಕರು ಫೋನು ಮಾಡುತ್ತಾರೆ: "ತಂಗಿ ಸಹಿ ಹಾಕಿದ್ದಾಳೆ, ಈಗ ತಗೊಳ್ತೀರಾ? ಬ್ರೋಕರ್ ಬೇಡ, ನಾವು ನಾವೇ ಮಾಡಿಕೊಳ್ಳೋಣ." ಆಸೆ ಹುಟ್ಟುವುದು ಸಹಜ. ಆದರೆ ಆ ಸೈಟು ನಿಮಗೆ ಗೊತ್ತಾದದ್ದು ಬ್ರೋಕರಿಂದ, ರೇಟು ಕುದುರಿಸಿದ್ದೂ ಅವರೇ. ಅದೇ ಮಾಲೀಕರು, ಅದೇ ಕೊಳ್ಳುವವರು ಸೇರಿ ಮಾರಾಟ ಪೂರ್ಣವಾದರೆ ಇಲ್ಲಿಯವರೆಗೆ ನಿಮ್ಮನ್ನು ಕಾಯ್ದ "ಕೆಲಸ ಪೂರ್ಣವಾಗಿಲ್ಲ" ಎಂಬ ವಾದ ಅವರ ಕಡೆಗೆ ತಿರುಗುತ್ತದೆ.

ಹೀಗಾದರೆ ಮಾಲೀಕರಿಗೆ ಒಪ್ಪಿಗೆ ಕೊಡುವ ಮೊದಲು ಬ್ರೋಕರ್‌ಗೆ ತಿಳಿಸಿ: "ಹಕ್ಕು ಬಿಡುಗಡೆ ಪತ್ರ ಆಗಿದೆಯಂತೆ, ಮತ್ತೆ ಮಾತು ಶುರುವಾಗಿದೆ. ಕಮಿಷನ್ ಎಷ್ಟು, ಯಾವ ದಿನ ಎಂಬುದನ್ನು ಈಗಲೇ ಬರೆದುಕೊಳ್ಳೋಣ." ಈ ಸಲ ಮೆಸೇಜಿನಲ್ಲಿ ಮೂರು ವಿಷಯ ಇರಲಿ: ಮೊತ್ತ ರೂಪಾಯಿಯಲ್ಲಿ, ಕೊಡುವ ದಿನ ಕ್ರಯಪತ್ರ ನೋಂದಣಿಯಾದ ದಿನ, ಮತ್ತು ಯಾವ ಕಾರಣಕ್ಕೇ ಆಗಲಿ ನೋಂದಣಿ ಆಗದಿದ್ದರೆ ಕಮಿಷನ್ ಇಲ್ಲ ಎಂಬ ಸಾಲು. ಅವರು ಒಪ್ಪಿದ ಮೇಲೆಯೇ ಟೋಕನ್ ಹಾಕಿ.